ಕುಂಡ ತುಂಬಿ ಹರಿದ ದಿನದಿಂದ ಶುರುಮಾಡಿ

ಪ್ರಶ್ನೆ: ಸರ್, 2025ರಲ್ಲಿ ವಿಟಿಯುನಿಂದ ಇ ಆಂಡ್ ಸಿ ಮುಗಿಸಿದೆ, ಸಿಜಿಪಿಎ 7.4. ಊರು ಅರಸೀಕೆರೆ ಹತ್ತಿರ. ಫೈನಲ್ ಇಯರ್ ಪ್ರಾಜೆಕ್ಟ್ 'ಸ್ಮಾರ್ಟ್ ಇರಿಗೇಶನ್', ನಾಲ್ಕು ಜನ ಸೇರಿ ಮಾಡಿದ್ದು. ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದ್ದೀನಿ. ಎಂಬೆಡೆಡ್, ಟೆಸ್ಟಿಂಗ್ ಕೆಲಸಕ್ಕೆ ಹೋದಲ್ಲೆಲ್ಲ 'ಎಕ್ಸ್‌ಪೀರಿಯೆನ್ಸ್ ಇದೆಯಾ' ಅಂತಾರೆ. ಪ್ರಾಜೆಕ್ಟ್ ಹೇಳಿದರೆ 'ಇದನ್ನ ಎಲ್ಲರೂ ಮಾಡ್ತಾರೆ' ಅಂತ ಮುಂದಕ್ಕೆ ಹೋಗ್ತಾರೆ. ಇವೆರಡನ್ನೇ ಇಟ್ಕೊಂಡು ನನಗೆ ಕೆಲಸ ಗೊತ್ತು ಅಂತ ನಂಬಿಸೋದು ಹೇಗೆ?

ಉತ್ತರ: ಹದಿನೈದು ವರ್ಷದಿಂದ ಎಂಬೆಡೆಡ್ ಮತ್ತು ಟೆಸ್ಟಿಂಗ್ ವಿಭಾಗಕ್ಕೆ ಹೊಸಬರನ್ನು ಆರಿಸುವ ಕೆಲಸದಲ್ಲಿ ನಾನಿದ್ದೇನೆ. ಮಣ್ಣಿನ ತೇವ ಅಳೆದು ಪಂಪ್ ಹಾಕುವ ಪ್ರಾಜೆಕ್ಟನ್ನು ಎಷ್ಟು ರೆಸ್ಯೂಮೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಹಾಗಿದ್ದರೂ ನಾನು ಖುಷಿಯಿಂದ ಆರಿಸಿಕೊಂಡ ಹುಡುಗರಲ್ಲಿ ಒಬ್ಬ ಇದೇ ಪ್ರಾಜೆಕ್ಟ್ ಮಾಡಿದವನು. 'ಇದನ್ನ ಎಲ್ಲರೂ ಮಾಡ್ತಾರಲ್ಲಪ್ಪ' ಎಂದು ನಾನೂ ಅವನಿಗೆ ಹೇಳಿದ್ದೆ. ಅವನು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲಿಟ್ಟ. ಒಳಗಿದ್ದದ್ದು ಎರಡು ಕಾಲಿನ ಹಳೇ ಮಾದರಿಯ ತೇವದ ಸೆನ್ಸರ್. ಒಂದು ಕಾಲಿನ ತಾಮ್ರ ಹಾಗೇ ಇತ್ತು, ಇನ್ನೊಂದರದ್ದು ತಿಂದುಹೋಗಿ ಬರೀ ಬೋರ್ಡ್ ಉಳಿದಿತ್ತು.

'ಇದು ಹನ್ನೊಂದು ದಿನ ಮಣ್ಣಲ್ಲಿತ್ತು ಸರ್. ಯಾವಾಗಲೂ ಕರೆಂಟ್ ಕೊಟ್ಟೇ ಇಟ್ಟಿದ್ವಿ, ಪಾಸಿಟಿವ್ ಕಡೆಯ ಕಾಲು ಕರಗಿಹೋಯ್ತು. ಆಮೇಲೆ ನಾನು ಸೆನ್ಸರಿನ ಸಪ್ಲೈಯನ್ನ ಒಂದು ಔಟ್‌ಪುಟ್ ಪಿನ್ನಿಗೆ ಹಾಕಿ, ರೀಡಿಂಗ್ ತಗೊಳ್ಳುವಾಗ ಮಾತ್ರ ಆನ್ ಮಾಡೋ ಹಾಗೆ ಬದಲಾಯಿಸಿದೆ' ಎಂದ.

ನನಗೆ ಬೇಕಿದ್ದದ್ದು ಅಷ್ಟೇ. ವಸ್ತುವನ್ನು ಕೈಯಲ್ಲಿ ಹಿಡಿದಿದ್ದಾನೆ, ಅದು ಕೆಟ್ಟಾಗ ಕಾರಣ ಹುಡುಕಿದ್ದಾನೆ, ಬದಲಾವಣೆ ಮಾಡಿ ಮತ್ತೆ ನೋಡಿದ್ದಾನೆ. ಒಂದು ವರ್ಷದ ಅನುಭವ ಕೇಳುವವರು ನಿಜವಾಗಿ ಹುಡುಕುವುದೂ ಇದನ್ನೇ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡಾಗ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಇಷ್ಟೇ: ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಏನಾದರೂ ಕೆಟ್ಟರೆ ಈ ಹುಡುಗಿ ಗಾಬರಿಯಾಗಿ ಕೂರುತ್ತಾಳೋ, ಮಲ್ಟಿಮೀಟರ್ ಹಿಡಿಯುತ್ತಾಳೋ? ಇದಕ್ಕೆ ಪ್ರಾಜೆಕ್ಟಿನ ಹೆಸರು ಉತ್ತರ ಕೊಡುವುದಿಲ್ಲ. ಅದರಲ್ಲಿ ಏನು ಕೆಟ್ಟಿತು, ನೀವು ಹೇಗೆ ಹಿಡಿದಿರಿ ಎಂಬುದು ಕೊಡುತ್ತದೆ.

ನಿಮ್ಮ ರೆಸ್ಯೂಮೆ ನೋಡಿದೆ. ಪ್ರಾಜೆಕ್ಟಿನ ಕೆಳಗೆ ಎರಡು ಸಾಲುಗಳಿವೆ: 'ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಯಿತು. ಶೇ 40ರಷ್ಟು ನೀರಿನ ಉಳಿತಾಯ ಸಾಧಿಸಲಾಯಿತು.' ಮೇಲ್‌ನಲ್ಲಿ ನಾನು ನಿಮಗೆ ಮೂರು ಪ್ರಶ್ನೆ ಕೇಳಿದ್ದೆ: ನಾಲ್ವರಲ್ಲಿ ನೀವು ಮಾಡಿದ್ದು ಯಾವುದು, ಯಾವುದು ಕೈಕೊಟ್ಟಿತು, ಈ ನಲವತ್ತು ಎಲ್ಲಿಂದ ಬಂತು. ನೀವು ಬರೆದ ಉತ್ತರ ರೆಸ್ಯೂಮೆಗಿಂತ ಎಷ್ಟೋ ಚೆನ್ನಾಗಿದೆ. ಸೆನ್ಸರ್ ಮತ್ತು ಕೋಡ್ ನಿಮ್ಮದು, ಆ್ಯಪ್ ಮತ್ತು ರಿಪೋರ್ಟ್ ಉಳಿದವರದ್ದು. ಡೆಮೊಗೆ ಎರಡು ದಿನ ಮುಂಚೆ ಪಂಪ್ ನಿಲ್ಲದೆ ಓಡಿ, ಕುಂಡ ತುಂಬಿ, ಲ್ಯಾಬ್ ಟೇಬಲ್ ಮೇಲೆಲ್ಲ ನೀರು ಹರಿದು ಬೈಸಿಕೊಂಡಿರಿ. ಪಿನ್ ಬದಲಾಯಿಸಿದ ಮೇಲೆ ಸರಿಹೋಯಿತು. ಶೇ 40 ಎನ್ನುವುದು ಯಾರದೋ ಪೇಪರಿನಿಂದ ರಿಪೋರ್ಟಿಗೆ ಇಳಿಸಿದ ಅಂಕಿ.

ಈ ಕುಂಡದ ಕಥೆಯನ್ನು ನೀವು ಅವಮಾನದ ಹಾಗೆ ಬರೆದಿದ್ದೀರಿ. ನಿಮ್ಮ ಕೈಲಿರುವ ಅತ್ಯಂತ ಗಟ್ಟಿ ಸಾಕ್ಷಿ ಅದೇ, ಅದನ್ನೇ ಮೊದಲು ಬಿಡಿಸೋಣ.

ನೀವು ಬಳಸಿದ್ದು ಇಎಸ್‌ಪಿ32 ಬೋರ್ಡ್. ಸೆನ್ಸರ್ ಹಾಕಿದ್ದು `GPIO 25`ಕ್ಕೆ. ಆ ಚಿಪ್‌ನಲ್ಲಿ ಅನಲಾಗ್ ಅಳೆಯುವ ಭಾಗ ಎರಡಿದೆ: `ADC1`, `ADC2`. ಎರಡನೆಯದನ್ನು ವೈಫೈ ಕೂಡ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಹಾಗಾಗಿ ವೈಫೈ ಆನ್ ಆದಾಗ ಆ ಗುಂಪಿನ ಪಿನ್‌ಗಳಲ್ಲಿ ಸರಿಯಾದ ರೀಡಿಂಗ್ ಸಿಗುವುದಿಲ್ಲ. ಪಿನ್ 25 ಆ ಗುಂಪಿನದು. ಸೀರಿಯಲ್ ಮಾನಿಟರಿನಲ್ಲಿ ಬರೀ ಸೆನ್ಸರ್ ಪರೀಕ್ಷಿಸುವಾಗ ಎಲ್ಲ ಚೆನ್ನಾಗಿತ್ತು, ಕ್ಲೌಡ್‌ಗೆ ಕಳಿಸುವ ಕೋಡ್ ಸೇರಿಸಿದ ಕೂಡಲೇ ಅಂಕಿ 4095ಕ್ಕೆ ಅಂಟಿಕೊಂಡಿತು ಎಂದಿರಿ. ನೀವು ಹಾಕಿದ್ದು ಕೆಪ್ಯಾಸಿಟಿವ್ ಸೆನ್ಸರ್, ಅದರಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ. 12 ಬಿಟ್‌ನಲ್ಲಿ 4095 ಅಂದರೆ ಗರಿಷ್ಠ. ನಿಮ್ಮ ಕೋಡಿನ ಲೆಕ್ಕದಲ್ಲಿ ಕುಂಡ ಸುಟ್ಟು ಬೂದಿಯಾಗಿತ್ತು, ಆದ್ದರಿಂದ ಪಂಪ್ ಓಡುತ್ತಲೇ ಇತ್ತು. ನೀವು ಮಾಡಿದ ಬದಲಾವಣೆ ಒಂದೇ ಸಾಲಿನದು:

```cpp
const int SENSOR_PIN = 34;  // was 25
```

34 ಮೊದಲನೇ ಗುಂಪಿನ ಪಿನ್. ಯಾವುದೋ ಫೋರಂನಲ್ಲಿ ನೋಡಿ ಬದಲಾಯಿಸಿದೆ, ಏಕೆ ಸರಿಹೋಯಿತೆಂದು ಆಗ ಗೊತ್ತಿರಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿದ್ದೀರಿ. ಈಗ ಗೊತ್ತಾಯಿತು. ಆದರೆ ನಾನು ಹೇಳಿದ್ದನ್ನು ಒಪ್ಪಿಸಬೇಡಿ. ಬೋರ್ಡನ್ನು ಮತ್ತೆ ಪಿನ್ 25ಕ್ಕೆ ಹಾಕಿ, ವೈಫೈ ಇಲ್ಲದೆ ಒಂದು ಸಲ, ಇದ್ದು ಒಂದು ಸಲ ಓಡಿಸಿ. ಆಮೇಲೆ ಪಿನ್ 34ರಲ್ಲಿ ಅದೇ ಎರಡನ್ನೂ ಮಾಡಿ. ನಾಲ್ಕು ಸಲದ ಸೀರಿಯಲ್ ಔಟ್‌ಪುಟ್ ಉಳಿಸಿಡಿ. ಇಎಸ್‌ಪಿ32 ಲೈಬ್ರರಿಯ ಆವೃತ್ತಿ ಬದಲಾಗಿದ್ದರೆ 4095 ಬದಲು ಸೊನ್ನೆಯೋ, ಒಂದು ಎರರ್ ಸಾಲೋ ಬರಬಹುದು. ಏನು ಬರುತ್ತದೋ ಅದನ್ನೇ ಬರೆದಿಡಿ. ಒಂದು ಮಧ್ಯಾಹ್ನದ ಕೆಲಸ. ಇದಾದ ಮೇಲೆ ಸಂದರ್ಶಕ 'ವೈಫೈನಿಂದಲೇ ಅಂತ ಹೇಗೆ ಹೇಳ್ತೀರಾ?' ಎಂದರೆ ನಿಮ್ಮ ಹತ್ತಿರ ಉತ್ತರವಿದೆ: ಬೇರೆ ಯಾವುದನ್ನೂ ಮುಟ್ಟದೆ ಅದೊಂದನ್ನೇ ಆನ್ ಆಫ್ ಮಾಡಿ ನೋಡಿದೆ. ಟೆಸ್ಟಿಂಗ್ ಕೆಲಸಕ್ಕೆ ಬೇಕಾದ ಬುದ್ಧಿ ಇದೇ.

ಇನ್ನು ಶೇ 40. ಅದನ್ನು ಇವತ್ತೇ ತೆಗೆದುಹಾಕಿ. ನನ್ನಂಥವರು ಅಂಕಿ ಕಂಡ ತಕ್ಷಣ ಅಲ್ಲೇ ಕೈ ಹಾಕುತ್ತೇವೆ. ಯಾವುದಕ್ಕೆ ಹೋಲಿಸಿ ನಲವತ್ತು? ಎಷ್ಟು ದಿನ ಅಳೆದಿರಿ? ನೀರನ್ನು ಅಳೆದದ್ದು ಹೇಗೆ? ಮೂರರಲ್ಲಿ ಒಂದಕ್ಕೆ ತಡವರಿಸಿದರೂ ಸಾಕು, ಉಳಿದ ನಿಜವಾದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ. ಕುಂಡದ ಕಥೆಯನ್ನೂ ಎಲ್ಲೋ ಓದಿಕೊಂಡು ಬಂದಿದ್ದಾಳೆ ಅನ್ನಿಸಿಬಿಡುತ್ತದೆ.

ಅದರ ಜಾಗಕ್ಕೆ ನೀವೇ ಅಳೆದ ಒಂದು ಸಣ್ಣ ಅಂಕಿ ಬೇಕು. ಕಾಲೇಜು ಮುಗಿದಿದೆ, ಈಗೆಲ್ಲಿ ಅಳೆಯಲಿ ಎನ್ನಬೇಡಿ. ಬೋರ್ಡು, ಸೆನ್ಸರು ನಿಮ್ಮ ಮನೆಯಲ್ಲೇ ಇವೆ ಎಂದಿದ್ದೀರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು.

ತೋಟದ ಮಣ್ಣು ಎರಡು ಮೂರು ಕಿಲೋ ತಂದು, ಹೆಂಟೆ ಒಡೆದು, ಜರಡಿ ಹಿಡಿದು, ಗೋಣಿಚೀಲದ ಮೇಲೆ ತೆಳುವಾಗಿ ಹರಡಿ ಬಿಸಿಲಿಗೆ ಹಾಕಿ. ತೂಕ ಇಳಿಯುವುದು ನಿಂತ ಮೇಲೆ 500 ಗ್ರಾಂ ತೆಗೆದುಕೊಂಡು ಡಬ್ಬಕ್ಕೆ ತುಂಬಿ ಮೊದಲ ರೀಡಿಂಗ್ ತೆಗೆಯಿರಿ. ಆಮೇಲೆ 50 ಮಿ.ಲೀ. ನೀರು ಹಾಕಿ ಚೆನ್ನಾಗಿ ಕಲಸಿ, ಮುಚ್ಚಿಟ್ಟು ಒಂದು ಗಂಟೆ ಬಿಡಿ. 500 ಗ್ರಾಂ ಮಣ್ಣಿಗೆ 50 ಗ್ರಾಂ ನೀರು, ಅಂದರೆ ತೂಕದಲ್ಲಿ ಶೇ 10 ತೇವ. ಸೆನ್ಸರನ್ನು ಅದರ ಮೇಲಿನ ಗೆರೆಯವರೆಗೆ ಇಳಿಸಿ ಹತ್ತು ರೀಡಿಂಗ್ ಬರೆದುಕೊಳ್ಳಿ. ತೆಗೆದು, ಒರೆಸಿ, ಬೇರೆ ಜಾಗಕ್ಕೆ ಚುಚ್ಚಿ ಮತ್ತೆ ಹತ್ತು, ಹೀಗೆ ಮೂರು ಸಲ. ಹೀಗೇ ಸಲಕ್ಕೆ 50 ಸೇರಿಸುತ್ತಾ ಒಟ್ಟು 100 ಮಿ.ಲೀ., 150 ಮಿ.ಲೀ. ತನಕ ಹೋಗಿ. ನಾಲ್ಕು ಮಟ್ಟ, ಪ್ರತಿಯೊಂದಕ್ಕೂ ಮೂವತ್ತು ರೀಡಿಂಗ್, ಎಲ್ಲವೂ ಒಂದು ಎಕ್ಸೆಲ್ ಶೀಟಿಗೆ.

ಇದನ್ನು ಮಾಡುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದೇ ತೇವದ ಮಣ್ಣಿನಲ್ಲೂ ಸೆನ್ಸರನ್ನು ತೆಗೆದು ಮತ್ತೆ ಚುಚ್ಚಿದರೆ ಅಂಕಿ ಬದಲಾಗುತ್ತದೆ. ಸೆನ್ಸರಿನ ಪಕ್ಕದಲ್ಲಿ ಗಾಳಿ ಉಳಿದಿದ್ದರೆ ಮಣ್ಣು ಒಣಗಿದ ಹಾಗೆ ತೋರಿಸುತ್ತದೆ, ಗಟ್ಟಿಯಾಗಿ ಒತ್ತಿದರೆ ತೇವ ಹೆಚ್ಚಿದ ಹಾಗೆ. ಈ ವ್ಯತ್ಯಾಸ ಎಷ್ಟು ಎಂಬುದೇ ನಿಮ್ಮ ಬೆಲೆಬಾಳುವ ಅಂಕಿ. ಅದು ಒಂದು ಮಟ್ಟಕ್ಕೂ ಇನ್ನೊಂದು ಮಟ್ಟಕ್ಕೂ ಇರುವ ಅಂತರಕ್ಕಿಂತ ಕಡಿಮೆ ಇದ್ದರೆ ಸೆನ್ಸರ್ ಶೇ 10ರ ಹೆಜ್ಜೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಹೆಚ್ಚಿದ್ದರೆ 'ಒಣ' ಮತ್ತು 'ಒದ್ದೆ' ಎಂದಷ್ಟೇ ಹೇಳಬಲ್ಲದು, ಅದಕ್ಕೇ ಪಂಪ್ ಆನ್ ಆಗಲು ಒಂದು, ಆಫ್ ಆಗಲು ಒಂದು, ಹೀಗೆ ಎರಡು ಮಿತಿ ಇಟ್ಟು ನಿಯಂತ್ರಿಸಿದೆ ಎನ್ನಿ. ಎರಡೂ ಒಳ್ಳೆಯ ಉತ್ತರಗಳೇ. ಜೊತೆಗೆ ನಿಮ್ಮ ಅಳತೆಯ ಕೊರತೆಗಳನ್ನು ನೀವೇ ಮೊದಲು ಹೇಳಿಬಿಡಿ: ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನಲ್ಲಿ ಸ್ವಲ್ಪ ತೇವ ಉಳಿದಿರುತ್ತದೆ, ಲ್ಯಾಬ್‌ಗಳಲ್ಲಿ 105 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಒಣಗಿಸುತ್ತಾರೆ. ನಿಮ್ಮದು ಕೆಂಪು ಮಣ್ಣು, ಕಪ್ಪು ಮಣ್ಣಿಗೆ ಇದೇ ಅಂಕಿ ನಡೆಯುವುದಿಲ್ಲ.

ನೀರಿನ ಪ್ರಮಾಣದ ಬಗ್ಗೆಯೂ ಹೇಳಬೇಕೆಂದಿದ್ದರೆ ಅದಕ್ಕೂ ಸರಳ ದಾರಿ ಇದೆ. ಪಂಪಿನ ಪೈಪನ್ನು ಒಂದು ಲೀಟರ್ ಅಳತೆ ಪಾತ್ರೆಗೆ ಬಿಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. 36 ಸೆಕೆಂಡ್ ಆದರೆ ಗಂಟೆಗೆ 100 ಲೀಟರ್ ಹರಿವು, ಹತ್ತು ಸೆಕೆಂಡ್ ಓಡಿದರೆ ಸುಮಾರು 280 ಮಿ.ಲೀ. ಆಮೇಲೆ ಪಂಪ್ ಎಷ್ಟು ಸೆಕೆಂಡ್ ಓಡಿತೆಂದು ಕೋಡಿನಲ್ಲೇ ಕೂಡಿಸುತ್ತಾ ಹೋದರೆ ಒಂದು ವಾರಕ್ಕೆ ಎಷ್ಟು ನೀರು ಹೋಯಿತೆಂಬ ಲೆಕ್ಕ ಸಿಗುತ್ತದೆ. ಪಕ್ಕದಲ್ಲಿ ಅಮ್ಮ ದಿನಾ ಚೊಂಬಿನಲ್ಲಿ ನೀರು ಹಾಕುವ ಅದೇ ಗಾತ್ರದ ಕುಂಡ ಇಟ್ಟು ಹೋಲಿಸಿದರೆ ಅದು ನಿಮ್ಮದೇ ಅಂಕಿ. ನಲವತ್ತು ಬರದೆ ಹನ್ನೆರಡು ಬಂದರೂ ಅದನ್ನೇ ಬರೆಯಿರಿ. ಎರಡೇ ಕುಂಡ, ಏಳೇ ದಿನ ಎಂದೂ ಪಕ್ಕದಲ್ಲೇ ಇರಲಿ.

ಇಷ್ಟಾದ ಮೇಲೆ ರೆಸ್ಯೂಮೆಯ ಸಾಲುಗಳು ತಾವಾಗೇ ಬದಲಾಗುತ್ತವೆ. ನೀವು ಇಂಗ್ಲಿಷಿನಲ್ಲಿ ಬರೆಯುತ್ತೀರಿ, ಆದರೆ ಅರ್ಥ ಹೀಗಿರಲಿ: 'ನಾಲ್ವರ ತಂಡದಲ್ಲಿ ಸೆನ್ಸರ್ ಜೋಡಣೆ ಮತ್ತು ಇಎಸ್‌ಪಿ32 ಕೋಡ್ ನನ್ನ ಹೊಣೆ. ವೈಫೈ ಆನ್ ಆದಾಗ ರೀಡಿಂಗ್ 4095ಕ್ಕೆ ನಿಂತು ಪಂಪ್ ಆಫ್ ಆಗದ ದೋಷಕ್ಕೆ ADC2 ಪಿನ್ ಕಾರಣ ಎಂದು ಪತ್ತೆ ಹಚ್ಚಿ, ADC1ಗೆ ಬದಲಾಯಿಸಿ, ನಾಲ್ಕು ಬಗೆಯ ಪರೀಕ್ಷೆಯಿಂದ ಖಚಿತಪಡಿಸಿದೆ. ಕೆಂಪು ಮಣ್ಣಿನಲ್ಲಿ ನಾಲ್ಕು ತೇವ ಮಟ್ಟಗಳಿಗೆ, ಒಟ್ಟು 120 ರೀಡಿಂಗ್‌ಗಳಲ್ಲಿ ಕ್ಯಾಲಿಬ್ರೇಟ್ ಮಾಡಿದೆ.' ಮೂರೇ ವಾಕ್ಯ. 'ನವೀನ', 'ಸಮರ್ಥ', 'ಅತ್ಯಾಧುನಿಕ' ಯಾವುದೂ ಬೇಕಾಗಿಲ್ಲ. ಕ್ಯಾಲಿಬ್ರೇಶನ್ ಕಾಲೇಜು ಮುಗಿದ ಮೇಲೆ ಮಾಡಿದ್ದು ಎಂದು ಯಾರಾದರೂ ಕೇಳಿದರೆ ಹಾಗೇ ಹೇಳಿ. ಅಂಕಕ್ಕಾಗಿ ಮಾಡಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ.

'ಅಭಿವೃದ್ಧಿಪಡಿಸಲಾಯಿತು' ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ರಿಪೋರ್ಟ್ ಬರೆದು ಬರೆದು ನಿಮಗೆಲ್ಲ 'ಮಾಡಲಾಯಿತು' ಅಭ್ಯಾಸವಾಗಿಬಿಟ್ಟಿರುತ್ತದೆ. ಬಾಯಿಮಾತಿನಲ್ಲಿ ಅದು 'ಮಾಡಿದ್ವಿ' ಆಗುತ್ತದೆ. ಎರಡರಲ್ಲೂ ಮಾಡಿದವರು ಯಾರು ಎಂಬುದು ಕಾಣುವುದಿಲ್ಲ. ತಂಡದ ಕೆಲಸವನ್ನೆಲ್ಲ ನಾನೇ ಮಾಡಿದೆ ಎನ್ನುವುದು ಸುಳ್ಳು, ಎಲ್ಲವನ್ನೂ 'ನಾವು' ಎಂದರೆ ನಿಮ್ಮ ಪಾಲು ಮುಳುಗಿಹೋಗುತ್ತದೆ. ಮೊದಲ ವಾಕ್ಯದಲ್ಲಿ 'ನಾವು ನಾಲ್ವರು' ಎಂದು ಹೇಳಿ, ಯಾರು ಏನು ಮಾಡಿದರೆಂದು ಒಂದೇ ಉಸಿರಿನಲ್ಲಿ ಹಂಚಿ, ಎರಡನೇ ವಾಕ್ಯದಿಂದ 'ನಾನು' ಎಂದು ಮುಂದುವರಿಯಿರಿ. ಆ್ಯಪ್ ಬಗ್ಗೆ ಕೇಳಿದರೆ 'ಅದು ನನ್ನ ಗೆಳತಿ ಮಾಡಿದ್ದು, ಡೇಟಾ ಯಾವ ರೂಪದಲ್ಲಿ ಹೋಗಬೇಕೆಂದು ನಾನು ಹೇಳಿದ್ದೆ' ಎನ್ನಿ. ತಮ್ಮದಲ್ಲದ್ದನ್ನು ಬೇರೆಯವರ ಹೆಸರಿಗೆ ಬಿಟ್ಟುಕೊಡುವವರ ಮಾತನ್ನು, ಅವರು 'ಇದು ನನ್ನದು' ಎಂದಾಗಲೂ ನಾವು ನಂಬುತ್ತೇವೆ.

ನೋಡುವವರಿಗೆ ತೋರಿಸಲು ಒಂದು ಜಾಗ ಬೇಕಲ್ಲ, ಅದಕ್ಕೆ ಗಿಟ್‌ಹಬ್ ಸಾಕು. 60 ಪುಟದ ಪ್ರಾಜೆಕ್ಟ್ ರಿಪೋರ್ಟನ್ನು ಅಲ್ಲಿ ಹಾಕಬೇಡಿ, ಯಾರೂ ತೆರೆಯುವುದಿಲ್ಲ. `README.md` ಎಂಬ ಒಂದು ಪುಟದಲ್ಲಿ ಬೋರ್ಡಿನ ಫೋಟೊ, ಯಾವ ತಂತಿ ಯಾವ ಪಿನ್ನಿಗೆ ಎಂಬ ಪಟ್ಟಿ, ಕ್ಯಾಲಿಬ್ರೇಶನ್ ಟೇಬಲ್, ಮತ್ತು 'ಎದುರಾದ ತೊಂದರೆ' ಎಂದು ಕುಂಡದ ಕಥೆ ಇರಲಿ. ಫೋಟೊ ಚಂದ ಇರಬೇಕಿಲ್ಲ. ಲ್ಯಾಬ್ ಟೇಬಲ್ ಮೇಲೆ ನೀರು ಹರಿದದ್ದನ್ನು ನಿಮ್ಮ ಗುಂಪಿನವರು ನಗುತ್ತಾ ತೆಗೆದ ಫೋಟೊ ವಾಟ್ಸ್ಯಾಪ್ ಗ್ರೂಪಿನಲ್ಲಿ ಇದ್ದೇ ಇರುತ್ತದೆ, ಹುಡುಕಿ ಹಾಕಿ. ಆ ಗ್ರೂಪನ್ನು ಮೊದಲಿನಿಂದ ಒಮ್ಮೆ ಓದಿ ಕೂಡ. ಯಾವ ದಿನ ಏನಾಯಿತು, ಯಾರು ಏನು ಹೇಳಿದರು, ಎಸ್.ಪಿ. ರೋಡಿನಿಂದ ಎರಡನೇ ಸಲ ರಿಲೇ ತಂದದ್ದು ಏಕೆ, ಎಲ್ಲ ತಾರೀಖಿನ ಸಮೇತ ಅಲ್ಲಿದೆ. ನೀವು ಮರೆತಿರುವ ಇನ್ನೊಂದೆರಡು ತೊಂದರೆಗಳು ಅಲ್ಲೇ ಸಿಗುತ್ತವೆ ಎಂದು ನನ್ನ ಅಂದಾಜು. ಪಂಪ್ ಆನ್ ಆದ ಕ್ಷಣ ಬೋರ್ಡ್ ತಾನಾಗೇ ರೀಸೆಟ್ ಆಗಿ, ಪರದೆಯ ಮೇಲೆ `Brownout detector was triggered` ಎಂದು ಬಂದದ್ದು ನೆನಪಿದೆಯೇ ನೋಡಿ. ಪಂಪಿಗೂ ಬೋರ್ಡಿಗೂ ಒಂದೇ ಸಪ್ಲೈ ಕೊಟ್ಟವರಲ್ಲಿ ಬಹಳ ಜನ ಇದನ್ನು ಕಂಡಿರುತ್ತಾರೆ. ಮೋಟರ್ ಶುರುವಾಗುವಾಗ ಕರೆಂಟ್ ಎಳೆದು ವೋಲ್ಟೇಜ್ ಕುಸಿಯುವುದೇ ಕಾರಣ.

ಒಂದು ಎಚ್ಚರಿಕೆ. ಕೋಡ್ ಹಾಕುವ ಮುಂಚೆ ಮನೆಯ ವೈಫೈ ಪಾಸ್‌ವರ್ಡ್ ಮತ್ತು ಥಿಂಗ್‌ಸ್ಪೀಕ್‌ನ ಎಪಿಐ ಕೀ ಅದರಲ್ಲಿ ಉಳಿದಿಲ್ಲವೇ ನೋಡಿ. ಹಾಕಿದ ಮೇಲೆ ಅಳಿಸಿದರೂ ಗಿಟ್‌ನ ಹಳೇ ಕಮಿಟ್‌ಗಳಲ್ಲಿ ಅದು ಹಾಗೇ ಇರುತ್ತದೆ. ಈಗಾಗಲೇ ಹಾಕಿದ್ದರೆ ಕೀ ಮತ್ತು ಪಾಸ್‌ವರ್ಡ್ ಎರಡನ್ನೂ ಬದಲಾಯಿಸಿಬಿಡಿ. ನಮ್ಮಲ್ಲಿ ಕೆಲವರು ಮೊದಲು ಹುಡುಕುವುದೇ ಅದನ್ನು.

ಈಗ ಪೀಣ್ಯದ ನಾಲ್ಕು ವಾರ. ರೆಸ್ಯೂಮೆಯಲ್ಲಿ 'ಎಸ್‌ಎಂಪಿಎಸ್ ತಯಾರಿಕೆ ಬಗ್ಗೆ ತಿಳುವಳಿಕೆ ಪಡೆದೆ' ಎಂದಿದೆ. ಸರ್ಟಿಫಿಕೇಟಿನಲ್ಲಿ 'ಯಶಸ್ವಿಯಾಗಿ ಪೂರೈಸಿದ್ದಾರೆ' ಎಂದಿದೆ. ಎರಡೂ ಏನನ್ನೂ ಹೇಳುವುದಿಲ್ಲ. ಆದರೆ ನನಗೆ ಬರೆದ ಮೇಲ್‌ನಲ್ಲಿ ನೀವು ಹೀಗೆ ಬರೆದಿದ್ದೀರಿ: '12 ವೋಲ್ಟ್ ಅಡಾಪ್ಟರ್ ಬೋರ್ಡ್‌ಗಳನ್ನ ಲೋಡ್ ಹಾಕಿ ಔಟ್‌ಪುಟ್ ನೋಡಿ ರಿಜಿಸ್ಟರ್‌ನಲ್ಲಿ ಬರೆಯೋದು, ಅಷ್ಟೇ ಸರ್. ಫೇಲ್ ಆದವನ್ನ ಪಕ್ಕಕ್ಕಿಡೋದು. ಮೂರನೇ ವಾರ ಫೇಲ್ ಆದವನ್ನ ತಿರುಗಿಸಿ ನೋಡ್ತಾ ಇದ್ದೆ, ತುಂಬಾದರಲ್ಲಿ ಟ್ರಾನ್ಸ್‌ಫಾರ್ಮರ್ ಪಿನ್ ಹತ್ರ ಸೋಲ್ಡರ್ ಸರಿಯಾಗಿ ಹಿಡಿದಿರಲಿಲ್ಲ. ಸೂಪರ್‌ವೈಸರ್‌ಗೆ ಹೇಳಿದೆ, ಅವರು ಸೋಲ್ಡರಿಂಗ್ ಕಡೆಯವರನ್ನ ಕರೆದು ತೋರಿಸಿದರು.'

ಇದನ್ನು 'ಅಷ್ಟೇ' ಎಂದು ಬಿಟ್ಟುಬಿಟ್ಟಿರಲ್ಲ! ಫೇಲ್ ಆದ ಬೋರ್ಡನ್ನು ಪಕ್ಕಕ್ಕಿಡಲು ಹೇಳಿದ್ದರು, ನೀವು ತಿರುಗಿಸಿ ನೋಡಿದಿರಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ತಪ್ಪನ್ನು ಗುರುತಿಸಿ, ಹೇಳಬೇಕಾದವರಿಗೆ ಹೇಳಿದಿರಿ. ಟೆಸ್ಟ್ ಎಂಜಿನಿಯರ್ ಸಂಬಳ ತೆಗೆದುಕೊಳ್ಳುವುದು ಈ ಕೆಲಸಕ್ಕೇ.

ಇಲ್ಲಿ ಅಂಕಿಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ದಿನಕ್ಕೆ ಎಷ್ಟು ಬೋರ್ಡ್ ಎಂದು ಕೇಳಿದಾಗ 'ಐವತ್ತು ಅರವತ್ತು ಇರಬಹುದು' ಎಂದಿರಿ. ಹಾಗಿದ್ದರೆ 'ದಿನಕ್ಕೆ ಸುಮಾರು 50' ಎಂದು ಕೆಳಗಿನ ಅಂಕಿಯನ್ನೇ ಬರೆಯಿರಿ. ಅದರಲ್ಲಿ ಎಷ್ಟು ಫೇಲ್, ನೀವು ಹೇಳಿದ ಮೇಲೆ ಎಷ್ಟು ಕಡಿಮೆಯಾಯಿತು ಎಂಬುದು ನಿಮಗೆ ಗೊತ್ತಿಲ್ಲ. ಅದನ್ನು ಊಹಿಸಿ ಬರೆಯಲೇಬೇಡಿ. 'ದೋಷ ಶೇ 30 ಇಳಿಯಿತು' ಎಂದು ಬರೆದರೆ, ಅದೇ ಪೀಣ್ಯದಲ್ಲಿ ಹತ್ತು ವರ್ಷ ದುಡಿದ ಯಾರೋ ಎದುರಿಗೆ ಕೂತು, ನಾಲ್ಕು ವಾರದ ಇಂಟರ್ನ್‌ಗೆ ಆ ಲೆಕ್ಕ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಹೀಗೆ ಬರೆದರೆ ಸಾಕು: '12 ವೋಲ್ಟ್ ಅಡಾಪ್ಟರ್ ಬೋರ್ಡ್‌ಗಳನ್ನು ಲೋಡ್ ಸಮೇತ ಪರೀಕ್ಷಿಸಿ ದಾಖಲಿಸಿದೆ, ದಿನಕ್ಕೆ ಸುಮಾರು 50. ಫೇಲ್ ಆದ ಬೋರ್ಡ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಪಿನ್ನಿನ ಡ್ರೈ ಸೋಲ್ಡರ್ ಪದೇ ಪದೇ ಬರುವುದನ್ನು ಗುರುತಿಸಿ ಸೂಪರ್‌ವೈಸರ್ ಗಮನಕ್ಕೆ ತಂದೆ.' ಆಮೇಲೆ ಏನಾಯಿತು ಎಂದು ಕೇಳಿದರೆ, 'ಅವರು ಸೋಲ್ಡರಿಂಗ್ ವಿಭಾಗಕ್ಕೆ ತೋರಿಸಿದರು, ಮುಂದಿನ ಅಂಕಿ ನನಗೆ ಗೊತ್ತಾಗುವ ಮುಂಚೆ ನನ್ನ ನಾಲ್ಕು ವಾರ ಮುಗಿದಿತ್ತು' ಎನ್ನಿ.

ಇದಕ್ಕೆ ಬೆಂಬಲವಾಗಿ ಆ ಸೂಪರ್‌ವೈಸರ್ ಒಂದೆರಡು ಸಾಲು ಬರೆದುಕೊಟ್ಟರೆ ಸರ್ಟಿಫಿಕೇಟಿಗಿಂತ ತೂಕ ಜಾಸ್ತಿ. ಕೇಳಲು ಸಂಕೋಚ ಎಂದಿದ್ದೀರಿ. ದುಡ್ಡು ಕೇಳುತ್ತಿಲ್ಲವಲ್ಲ, ಆದದ್ದನ್ನು ಆಯಿತು ಎಂದು ಹೇಳಲು ಕೇಳುತ್ತಿದ್ದೀರಿ. ನೆನಪಿಸುವ ವಿವರ ಕೊಟ್ಟು ಕೇಳಿದರೆ ಅವರಿಗೂ ಸುಲಭ. ಹೀಗೆ ಕಳಿಸಿ:

'ನಮಸ್ಕಾರ ಸರ್. ಹೋದ ವರ್ಷ ನಿಮ್ಮ ಟೆಸ್ಟಿಂಗ್ ಟೇಬಲ್‌ನಲ್ಲಿ ನಾಲ್ಕು ವಾರ ಇಂಟರ್ನ್ ಆಗಿದ್ದೆ. 12 ವೋಲ್ಟ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಪಿನ್ ಸೋಲ್ಡರ್ ಬಗ್ಗೆ ನಿಮಗೆ ತೋರಿಸಿದ್ದೆ, ನೆನಪಿರಬಹುದು. ಈಗ ಟೆಸ್ಟಿಂಗ್ ಕೆಲಸಕ್ಕೆ ಪ್ರಯತ್ನ ಮಾಡ್ತಾ ಇದ್ದೀನಿ. ನಾನು ಮಾಡಿದ ಕೆಲಸದ ಬಗ್ಗೆ ಎರಡು ಸಾಲು ಮೇಲ್ ಮಾಡಲು ಸಾಧ್ಯವೇ ಸರ್? ಯಾರಾದರೂ ವಿಚಾರಿಸಿದರೆ ನಿಮ್ಮ ನಂಬರ್ ಕೊಡಬಹುದಾ?'

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಬೆಳಿಗ್ಗೆ ಹತ್ತರ ಸುಮಾರಿಗೆ ಒಮ್ಮೆ ಫೋನ್ ಮಾಡಿ. ಒಪ್ಪಿಗೆ ಇಲ್ಲದೆ ನಂಬರ್ ಯಾರಿಗೂ ಕೊಡಬೇಡಿ. ಆ ಕಂಪನಿಯ ಬೋರ್ಡಿನ ಫೋಟೊ, ಸರ್ಕ್ಯೂಟ್ ಡಯಾಗ್ರಮ್, ಗ್ರಾಹಕರ ಹೆಸರು, ರಿಜಿಸ್ಟರಿನ ಪುಟ ಇವ್ಯಾವೂ ನಿಮ್ಮ ಫೋನಿನಲ್ಲಿದ್ದರೂ ತೋರಿಸಬಾರದು. ಹಳೇ ಕಂಪನಿಯ ಗುಟ್ಟನ್ನು ನನ್ನ ಮುಂದೆ ಬಿಚ್ಚುವವರು ನಾಳೆ ನಮ್ಮದನ್ನೂ ಬಿಚ್ಚುತ್ತಾರೆ ಎಂದು ನಾನು ಹಿಂದೆ ಸರಿದದ್ದಿದೆ. ಬದಲಿಗೆ ಕಾಗದದ ಮೇಲೆ ಸಾಮಾನ್ಯವಾದ ಒಂದು ಚಿತ್ರ ಬರೆದು, ಡ್ರೈ ಸೋಲ್ಡರ್ ನೋಡಲು ಹೇಗಿರುತ್ತದೆ, ಲೋಡ್ ಹಾಕಿದಾಗಲೇ ಏಕೆ ಔಟ್‌ಪುಟ್ ಬೀಳುತ್ತದೆ ಎಂದು ವಿವರಿಸಿ. ಸರಿಯಾಗಿ ಹಿಡಿಯದ ಬೆಸುಗೆಯಲ್ಲಿ ತಡೆ ಜಾಸ್ತಿ, ಕರೆಂಟ್ ಹೆಚ್ಚಾದಾಗ ಅಲ್ಲೇ ವೋಲ್ಟೇಜ್ ಕಳೆದುಹೋಗುತ್ತದೆ. ಲೋಡ್ ಇಲ್ಲದಾಗ ಮೀಟರ್ 12 ತೋರಿಸಿಬಿಡುತ್ತದೆ. ಇಷ್ಟು ಹೇಳಬಲ್ಲವರು ಆ ಟೇಬಲ್ ಮುಂದೆ ಕೂತಿದ್ದರು ಎಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ನಿಮ್ಮ ರೆಸ್ಯೂಮೆಯಲ್ಲಿ ಇನ್ನೂ ಎರಡು ಆನ್‌ಲೈನ್ ಇಂಟರ್ನ್‌ಶಿಪ್‌ಗಳಿವೆ, ದುಡ್ಡು ಕಟ್ಟಿ ವಿಡಿಯೊ ನೋಡಿ ಪಡೆದ ಸರ್ಟಿಫಿಕೇಟುಗಳು. ಅವನ್ನು 'ಕೋರ್ಸ್' ಎಂಬ ತಲೆಬರಹದ ಕೆಳಗೆ ಒಂದು ಸಾಲಿಗೆ ಇಳಿಸಿ. ಇಂಟರ್ನ್‌ಶಿಪ್ ಎಂದು ಬಿಟ್ಟರೆ ಪೀಣ್ಯದ್ದೂ ಅದೇ ಜಾತಿ ಎಂದುಕೊಳ್ಳುತ್ತಾರೆ. 'ಒಂದು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಡ್ತೀವಿ' ಎಂದು ಯಾರೋ ಹೇಳಿದರು ಎಂದೂ ಬರೆದಿದ್ದೀರಿ. ದಯವಿಟ್ಟು ಆ ಕಡೆ ಹೋಗಬೇಡಿ. ಕಂಪನಿಗಳು ಹಿಂದಿನ ಕೆಲಸವನ್ನು ಪರಿಶೀಲಿಸುತ್ತವೆ, ಪಿಎಫ್ ದಾಖಲೆಯಲ್ಲಿ ಸಂಬಳದ ಕುರುಹು ಕೇಳುತ್ತವೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಮನೆಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದನ್ನು ಓದುವ ಬೇರೆ ಕೆಲವರು ಪ್ರಾಜೆಕ್ಟ್ ಸೆಂಟರಿನಿಂದ ಕೊಂಡುಕೊಂಡವರೂ ಇರುತ್ತಾರೆ. ಅವರಿಗೆ ನಾನು ಬೈಯುವುದಿಲ್ಲ, ಆದರೆ ಅದನ್ನು ಹಾಗೇ ಹಿಡಿದು ಬಂದರೆ ಐದು ನಿಮಿಷವೂ ನಿಲ್ಲುವುದಿಲ್ಲ. 'ಈ ರೆಸಿಸ್ಟರ್ 10 ಕಿಲೋ ಓಮ್ ಯಾಕೆ, 1 ಕಿಲೋ ಹಾಕಿದರೆ ಏನಾಗುತ್ತೆ?' ಎಂಬ ಒಂದೇ ಪ್ರಶ್ನೆ ಸಾಕು. ಎರಡು ವಾರ ಕೊಟ್ಟು ಅದನ್ನು ಬಿಚ್ಚಿ, ಒಂದು ಭಾಗ ತೆಗೆದುಹಾಕಿ ನೀವೇ ಮತ್ತೆ ಬರೆಯಿರಿ, ಒಂದು ಅಳತೆ ಮಾಡಿ. ಆಮೇಲೆ 'ಮೂಲ ಕೋಡ್ ಹೊರಗಿನದು, ಈ ಭಾಗ ನನ್ನದು' ಎಂದು ಹೇಳಿ. ಅದಕ್ಕೆ ಬೆಲೆ ಇದೆ. ಇನ್ನು ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಾದ ಕೆಎಸ್‌ಸಿಎಸ್‌ಟಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯಲ್ಲಿ ಹಣ ಸಿಕ್ಕಿದ್ದವರು ಅದನ್ನು ಪ್ರಾಜೆಕ್ಟಿನ ಹೆಸರಿನ ಪಕ್ಕದಲ್ಲೇ ಬರೆಯಬೇಕು. ಕಾಲೇಜಿನ ಹೊರಗಿನವರು ಒಮ್ಮೆ ತೂಗಿ ನೋಡಿದ್ದಾರೆ ಎಂದು ಅದು ಹೇಳುತ್ತದೆ.

ಇದೆಲ್ಲ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಸಾವಿರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡ ಕಂಪನಿಗಳಲ್ಲಿ ಮೊದಲ ಬಾಗಿಲು ಅಂಕದ ಮಿತಿ ಮತ್ತು ಆಪ್ಟಿಟ್ಯೂಡ್ ಪರೀಕ್ಷೆ. ಆ ಹಂತ ದಾಟುವವರೆಗೆ ನಿಮ್ಮ ಕುಂಡವನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಬೇರೆಯೇ ತಯಾರಿ ಬೇಕು. ಈ ಸಾಕ್ಷಿ ನಡೆಯುವುದು ಎಂಜಿನಿಯರ್‌ಗಳೇ ನೇರವಾಗಿ ಎದುರು ಕೂರುವ ಕಡೆ: ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ ಇಂಥಲ್ಲಿನ ಸಣ್ಣ ಮತ್ತು ಮಧ್ಯಮ ಕಂಪನಿಗಳು, ಬೆಂಗಳೂರಿನ ಎಂಬೆಡೆಡ್ ಸ್ಟಾರ್ಟಪ್‌ಗಳು. ಅಲ್ಲಿ 'ಟ್ರೈನಿ ಟೆಸ್ಟ್ ಎಂಜಿನಿಯರ್' ಎಂಬ ಹೆಸರಿನಲ್ಲೂ ಹುಡುಕಿ. '1 ವರ್ಷ ಅನುಭವ' ಎಂದು ಬರೆದಿದ್ದರೂ ಅರ್ಜಿ ಹಾಕಿ, ಮೇಲ್‌ನ ಮೊದಲ ಸಾಲಿನಲ್ಲೇ ಪಿನ್ 25ರ ಕಥೆ ಮತ್ತು ಗಿಟ್‌ಹಬ್ ಕೊಂಡಿ ಇಡಿ. ಮೂರು ವರ್ಷ, ಐದು ವರ್ಷ ಕೇಳಿದ ಜಾಗಕ್ಕೆ ಹಾಕಿ ಸಮಯ ಕಳೆಯಬೇಡಿ.

ಸಂದರ್ಶನಕ್ಕೆ ಬೋರ್ಡನ್ನು ಡಬ್ಬದಲ್ಲಿ ಹಾಕಿಕೊಂಡೇ ಹೋಗಿ. 'ತೋರಿಸಲಾ ಸರ್?' ಎಂದು ಕೇಳಿ, ಒಪ್ಪಿದರೆ ತೆಗೆಯಿರಿ. ಪವರ್ ಬ್ಯಾಂಕ್‌ನಿಂದ ಓಡುವ ಹಾಗೆ, ವೈಫೈ ಸಿಗದಿದ್ದರೂ ರೀಡಿಂಗ್ ಬರುವ ಹಾಗೆ ಕೋಡ್ ಇರಲಿ. ಇಲ್ಲದಿದ್ದರೆ ಅವರ ಆಫೀಸಿನ ನೆಟ್‌ವರ್ಕ್‌ಗೆ ಸೇರಲಾಗದೆ ಅಲ್ಲೇ ನಿಲ್ಲುತ್ತದೆ. ನೀರು ಕೇಳಬೇಕಾಗಿಲ್ಲ, ಸೆನ್ಸರನ್ನು ಬೆರಳುಗಳ ನಡುವೆ ಹಿಡಿದರೂ ಅಂಕಿ ಇಳಿಯುವುದು ಕಾಣುತ್ತದೆ.

ಈ ಶನಿವಾರ ವಾಟ್ಸ್ಯಾಪ್ ಗ್ರೂಪ್ ಓದಿ ಮುಗಿಸಿ, ಸೂಪರ್‌ವೈಸರ್‌ಗೆ ಮೆಸೇಜ್ ಕಳಿಸಿ, ಮಣ್ಣು ಒಣಗಲು ಹಾಕಿ. ಮಳೆ ಬಂದರೆ ಒಳಗೆ ತೆಗೆದುಕೊಳ್ಳುವುದು ಮರೆಯಬೇಡಿ. 120 ರೀಡಿಂಗ್‌ಗಳ ಶೀಟ್ ಆದಮೇಲೆ ನನಗೆ ಕಳಿಸಿ. ಒಂದೇ ಮಟ್ಟದಲ್ಲಿ ಮೂರು ಸಲ ಚುಚ್ಚಿದಾಗ ಬಂದ ವ್ಯತ್ಯಾಸವನ್ನು ಮೊದಲು ನೋಡುತ್ತೇನೆ.